ಧ್ಯೇಯವಾಕ್ಯ ಬರೆದೆ, ಎರಡು ವಾರ ಲೆಕ್ಕ ಇಟ್ಟೆ, ಎರಡೂ ತಾಳೆಯಾಗುತ್ತಿಲ್ಲ

ಅರ್ಧವಿರಾಮ

ನನಗೆ 41 ವರ್ಷ. ಒಂಬತ್ತು ಜನರ ತಂಡವನ್ನು ನೋಡಿಕೊಳ್ಳುವ ಕೆಲಸ. ಹತ್ತು ವರ್ಷದ ಮಗಳಿದ್ದಾಳೆ. ಕಳೆದ ತಿಂಗಳು ಒಂದು ಭಾನುವಾರ ಕುಳಿತು, ಮೌಲ್ಯಗಳ ಉದ್ದನೆಯ ಪಟ್ಟಿಯೊಂದರಿಂದ ನನ್ನವು ಎನಿಸಿದ ಐದನ್ನು ಆರಿಸಿದೆ: ಪ್ರಾಮಾಣಿಕತೆ, ಕುಟುಂಬ, ಕಲಿಕೆ, ಆರೋಗ್ಯ, ಕರುಣೆ. ಅವುಗಳನ್ನು ಪೋಣಿಸಿ ಹೀಗೆ ಬರೆದೆ:

"ಪ್ರಾಮಾಣಿಕವಾಗಿ, ಕರುಣೆಯಿಂದ ಬಾಳುತ್ತಾ, ಸದಾ ಕಲಿಯುತ್ತಾ, ಆರೋಗ್ಯ ಕಾಪಾಡಿಕೊಂಡು ಕುಟುಂಬಕ್ಕೆ ಆಸರೆಯಾಗಿರುವುದೇ ನನ್ನ ಧ್ಯೇಯ."

ಬರೆದ ದಿನ ಎದೆ ತುಂಬಿ ಬಂದಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ, ಇದನ್ನು ನಿಜವಾಗಿ ಬಾಳುತ್ತಿದ್ದೇನೆಯೇ ಎಂದು ನೋಡಲು 14 ದಿನ ಗಂಟೆಗಳ ಲೆಕ್ಕ ಬರೆದಿಟ್ಟೆ. ಕೆಲಸಕ್ಕೆ 121 ಗಂಟೆ. ಮೊಬೈಲ್‌ನಲ್ಲಿ ಸುಮ್ಮನೆ ಕಳೆದದ್ದು 29. ಮಗಳೊಂದಿಗೆ, ಬೇರೇನೂ ಮಾಡದೆ ಅವಳೊಂದಿಗೇ ಇದ್ದದ್ದು, ಆರೂವರೆ. ನಡಿಗೆ ಮೂರು, ಓದು ಎರಡು.

ಈಗ ನನ್ನ ಪ್ರಶ್ನೆ: ವಾಕ್ಯವನ್ನು ಬದಲಾಯಿಸಬೇಕೋ, ನನ್ನನ್ನು ಬದಲಾಯಿಸಿಕೊಳ್ಳಬೇಕೋ?

ಕೈಗಡಿಯಾರ

ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ. ಮನುಷ್ಯನ ಮೌಲ್ಯ ಅವನ ಬಾಯಲ್ಲಿರುವುದಿಲ್ಲ, ಅವನ ಸಮಯ ಮತ್ತು ಹಣ ಹೋಗುವ ಕಡೆ ಇರುತ್ತದೆ. 121 ಗಂಟೆ ಕೊಟ್ಟದ್ದು ಯಾವುದಕ್ಕೋ ಅದೇ ನಿಮ್ಮ ಮೊದಲ ಮೌಲ್ಯ, ಎರಡನೆಯದು ಮೊಬೈಲ್. ಹಳೆಯ ವಾಕ್ಯವನ್ನು ಹರಿದುಹಾಕಿ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಕಹಿಯಾದರೂ ನಿಜವಾಗಿರುತ್ತದೆ.

ಹೊಸ ಅರ್ಜಿದಾರ

ಸರ್, ನಿಮ್ಮ ವಾಕ್ಯ ಚೆನ್ನಾಗಿದೆ, ಆದರೆ ಉದ್ದವಾಯಿತು. ನೇಮಕ ಮಾಡುವವರು ಮೊದಲ ಎರಡು ಸಾಲು ಮಾತ್ರ ನೋಡುತ್ತಾರೆ. ಆರೋಗ್ಯ, ಕುಟುಂಬ ತೆಗೆದು "ಸಂಸ್ಥೆಯ ಬೆಳವಣಿಗೆಗೆ ಕೊಡುಗೆ" ಎಂದು ಸೇರಿಸಿದರೆ ಉತ್ತಮ. ನಾನು ಹಾಗೆ ಮಾಡಿದ ಮೇಲೆ ಎರಡು ಸಂದರ್ಶನಕ್ಕೆ ಕರೆ ಬಂತು.

ಅರ್ಧವಿರಾಮ

ಅರ್ಜಿದಾರರೇ, ಇದು ಸ್ವವಿವರದ ಮೇಲೆ ಹಾಕುವ ವಾಕ್ಯವಲ್ಲ, ನನಗೆ ನಾನೇ ಬರೆದುಕೊಂಡದ್ದು. ಸಂದರ್ಶನಗಳಿಗೆ ಶುಭವಾಗಲಿ.

ಹಿತ್ತಲ ಬಾಗಿಲು

ಇಪ್ಪತ್ತೆರಡು ವರ್ಷ ಆಪ್ತಸಮಾಲೋಚಕಿಯಾಗಿದ್ದೆ, ಈಗ ನಿವೃತ್ತಳು. ಇಂಥ ಕಾಗದಗಳನ್ನು ಬಹಳ ನೋಡಿದ್ದೇನೆ. ಅರ್ಧವಿರಾಮ ಅವರೇ, ನೀವು ಎರಡರಲ್ಲಿ ಒಂದನ್ನು ಆರಿಸುವ ಅವಸರದಲ್ಲಿದ್ದೀರಿ. ನನ್ನ ಕಣ್ಣಿಗೆ ವಾಕ್ಯವೂ ಸರಿಯಿಲ್ಲ, ಅಳತೆಯೂ ಸರಿಯಿಲ್ಲ. ಹಾಗಾಗಿ ಎರಡೂ ತಾಳೆಯಾಗದಿರುವುದರಿಂದ ಇನ್ನೂ ಏನೂ ತಿಳಿಯುವುದಿಲ್ಲ.

ಮೊದಲು ವಾಕ್ಯ. ಅದನ್ನು ತಿರುಗಿಸಿ ಬರೆದು ನೋಡಿ: "ಅಪ್ರಾಮಾಣಿಕವಾಗಿ, ಕ್ರೂರವಾಗಿ, ಏನೂ ಕಲಿಯದೆ ಬಾಳುವುದು ನನ್ನ ಧ್ಯೇಯ." ಹೀಗೆ ಯಾರು ಬರೆಯುತ್ತಾರೆ? ಯಾರೂ ಇಲ್ಲ. ತಿರುಗಿಸಿದಾಗ ಯಾವ ಸಭ್ಯ ಮನುಷ್ಯನೂ ಒಪ್ಪದ ವಾಕ್ಯ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. "ಮೇಲಿನವರ ಮೆಚ್ಚುಗೆಗಿಂತ ಮಗಳ ಸಂಜೆ ದೊಡ್ಡದು" ಎಂದು ಬರೆದರೆ ಮಾತು ಬೇರೆ. ಅದನ್ನು ತಿರುಗಿಸಿದರೂ ಒಬ್ಬ ಒಳ್ಳೆಯ ಮನುಷ್ಯ ಹಾಗೆ ಬಾಳಬಲ್ಲ: ಮಕ್ಕಳ ಮುಂದಿನ ಓದಿಗಾಗಿ ಈಗ ದುಡಿಯುತ್ತೇನೆ, ಸಂಜೆಗಳು ಹೋದರೆ ಹೋಗಲಿ ಎನ್ನುವವರಿದ್ದಾರೆ. ಆಗ ಮಾತ್ರ ನೀವು ಏನನ್ನೋ ಆರಿಸಿಕೊಂಡಿದ್ದೀರಿ ಎಂದರ್ಥ.

ಮಿಲ್ಟನ್ ರೋಕೀಚ್ ಎಂಬ ಮನಶ್ಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹದಿನೆಂಟು ಹದಿನೆಂಟರ ಎರಡು ಪಟ್ಟಿಗಳಿದ್ದವು. ಜನ ಅವಕ್ಕೆ ಅಂಕ ಕೊಡುವಂತಿರಲಿಲ್ಲ, ಒಂದರ ಕೆಳಗೊಂದು ಸಾಲಾಗಿ ಜೋಡಿಸಬೇಕಿತ್ತು. ಅಂಕ ಕೊಡಿ ಎಂದರೆ ನಾವು ಎಲ್ಲಕ್ಕೂ ಹತ್ತಕ್ಕೆ ಒಂಬತ್ತು ಕೊಟ್ಟು ಎದ್ದು ಬಿಡುತ್ತೇವೆ. ಯಾವುದು ಯಾವುದಕ್ಕಿಂತ ಕೆಳಗೆ ಎಂದು ಕೇಳಿದಾಗಲೇ ಕೈ ನಿಧಾನವಾಗುವುದು. ನೀವೂ ಐದನ್ನು ಎರಡೆರಡಾಗಿ ಎದುರುಬದುರು ನಿಲ್ಲಿಸಿ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದ, ನಿಜವಾಗಿ ನಡೆದ ಒಂದು ಸಂದರ್ಭವನ್ನು ನೆನಪಿಸಿಕೊಂಡು ಆರಿಸಿ, ಊಹೆಯಿಂದ ಬೇಡ. ಮೂರಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ಇನ್ನು ಅಳತೆ. ಪ್ರಾಮಾಣಿಕತೆಗೆ ನಿಮ್ಮ ಲೆಕ್ಕದಲ್ಲಿ ಎಷ್ಟು ಗಂಟೆ ಬಂತು? ಅಂಥ ಅಂಕಣವೇ ಇಲ್ಲ, ಅಲ್ಲವೇ. ನಿಜ ಹೇಳಲು ಅರ್ಧ ನಿಮಿಷ ಸಾಕು, ಸುಳ್ಳಿಗೂ ಅಷ್ಟೇ. ನಿಮ್ಮ ಮೊದಲ ಮೌಲ್ಯವೇ ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ! ಆದ್ದರಿಂದ ಗಂಟೆ ಬಿಡಿ, ಕವಲುಗಳನ್ನು ಬರೆಯಿರಿ. ಎರಡು ಕಡೆಯಿಂದ ಎಳೆತ ಇದ್ದು, ನೀವು ಒಂದು ಕಡೆ ತಿರುಗಿದ ಕ್ಷಣ ಕವಲು. ದಿನಕ್ಕೆ ಎರಡು ಮೂರು ಸಿಕ್ಕರೆ ಹೆಚ್ಚು. ಅದೇ ರಾತ್ರಿ ನಾಲ್ಕು ವಿಷಯ ಬರೆಯಿರಿ: ಏನಾಯಿತು, ಏನು ಮಾಡಿದೆ, ಏನನ್ನು ಬಿಟ್ಟುಕೊಟ್ಟೆ, ಆ ಹೊತ್ತಿನಲ್ಲಿ ನನಗೆ ನಾನೇ ಏನು ಹೇಳಿಕೊಂಡೆ. ಮರುದಿನಕ್ಕೆ ಮುಂದೂಡಬೇಡಿ, ಬೆಳಗಾಗುವಷ್ಟರಲ್ಲಿ ಮನಸ್ಸು ಒಳ್ಳೆಯ ಕಾರಣ ಹುಡುಕಿಟ್ಟಿರುತ್ತದೆ. ತಪ್ಪು ಸರಿ ಎಂದು ಗುರುತು ಹಾಕುವುದೂ ಬೇಡ.

ಕೈಗಡಿಯಾರ

ಮೇಡಂ, ಇದರಲ್ಲಿ ಕಥೆ ಕಟ್ಟುವುದಕ್ಕೆ ಎಷ್ಟು ಜಾಗವಿದೆ ನೋಡಿ. ಯಾವುದು ಕವಲು ಎಂದು ತೀರ್ಮಾನಿಸುವವರು ಅವರೇ, ಬರೆಯುವವರೂ ಅವರೇ. ಗಂಟೆಗಳು ಸುಳ್ಳು ಹೇಳುವುದಿಲ್ಲ.

ಹಿತ್ತಲ ಬಾಗಿಲು

ಏನಾಯಿತು ಎಂಬುದರ ಬಗ್ಗೆ ಗಂಟೆಗಳು ಸುಳ್ಳು ಹೇಳುವುದಿಲ್ಲ, ನಿಜ. ಏನನ್ನು ಆರಿಸಿಕೊಂಡೆ ಎಂಬುದರ ಬಗ್ಗೆ ಹೇಳುತ್ತವೆ. ಆ 121 ಗಂಟೆಯಲ್ಲಿ ಸುಮಾರು 80 ಗಂಟೆ ಸಂಬಳಕ್ಕಾಗಿ ಇರಲೇಬೇಕಾದ ಹೊತ್ತು. ಅದನ್ನು ಮೌಲ್ಯ ಎಂದು ಕರೆದರೆ, ಸಾಲ ತೀರಿಸಲು ಎರಡು ಕಡೆ ದುಡಿಯುವವನಿಗೆ ಮನೆಯವರ ಮೇಲೆ ಪ್ರೀತಿ ಇಲ್ಲ ಎಂದಂತಾಯಿತು. ಉಳಿದ 40 ಗಂಟೆಯ ಬಗ್ಗೆ ಮಾತ್ರ ನಿಮ್ಮ ಮಾತಿಗೆ ತೂಕವಿದೆ. ಮೊಬೈಲ್‌ನ 29 ಗಂಟೆಯನ್ನೂ ನಾನು ಮೌಲ್ಯ ಎನ್ನಲಾರೆ, ಬಹುಪಾಲು ಅದು ದಣಿವು.

ಕಥೆ ಕಟ್ಟುವ ಅಪಾಯ ಇದೆ, ಒಪ್ಪುತ್ತೇನೆ. ಅದಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ. ಜೊತೆಯಲ್ಲಿ ಬಾಳುವವರಿಗೆ ವಾಕ್ಯವನ್ನು ತೋರಿಸದೆ, "ನನ್ನ ನಡೆ ನೋಡಿದರೆ ನನಗೆ ಮುಖ್ಯವಾದ ಮೂರು ಯಾವುವು ಎನಿಸುತ್ತದೆ?" ಎಂದು ಕೇಳಿ, ಬರೆದುಕೊಡಲು ಹೇಳಿ. ಬಾಯಲ್ಲಿ ಕೇಳಿದರೆ ದಾಕ್ಷಿಣ್ಯಕ್ಕೆ ಒಳ್ಳೆಯದನ್ನೇ ಹೇಳುತ್ತಾರೆ.

ಬದನೆಕಾಯಿ ಶಾಸ್ತ್ರಿ

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಿರಿಯರು ಎಂದೋ ಮುಗಿಸಿದ ವಿಷಯಕ್ಕೆ ಇಷ್ಟು ಕಾಗದ ಬೇಕೇ? ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದನ್ನು ಹಿಡಿದು, ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ಅಚ್ಚುಕಟ್ಟುತನ ಮಾತ್ರ ಕೊನೆಯವರೆಗೂ ಕೈಗೆ ಹತ್ತಲಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಅವನ ಗತಿಯೇ ಹಾಗಾದರೆ ನಮ್ಮದೇನು.

ಹಾಸ್ಯ ಬಿಟ್ಟು ಹೇಳುತ್ತೇನೆ. ನಾನೂ ಮೂರು ತಿಂಗಳು ಇಂಥ ಪುಸ್ತಕ ಇಟ್ಟಿದ್ದೆ. ಒಂದು ತಿಂಗಳ ಹೊತ್ತಿಗೆ ನನ್ನ ತಪ್ಪುಗಳ ಗುಮಾಸ್ತನಾಗಿಬಿಟ್ಟೆ. ಮಗನ ಮೇಲೆ ರೇಗಿದ ತಕ್ಷಣ ಅವನ ಮುಖ ನೋಡುವ ಬದಲು "ಇವತ್ತಿನ ಚುಕ್ಕೆ ಬಂತು" ಎಂದುಕೊಳ್ಳುತ್ತಿದ್ದೆ. ನಿಲ್ಲಿಸಿದೆ. ಅರ್ಧವಿರಾಮ ಅವರು ಎರಡು ವಾರ ಬರೆಯಲಿ, ಆಮೇಲೆ ಪುಸ್ತಕ ಮುಚ್ಚಲಿ.

ಹಿತ್ತಲ ಬಾಗಿಲು

ಶಾಸ್ತ್ರಿಗಳೇ, ಇದರಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ಎರಡು ವಾರ ಬರೆಯುವುದು, ಎರಡು ಮೂರು ತಿಂಗಳು ಸುಮ್ಮನಿರುವುದು. ಇದು ರಕ್ತ ಪರೀಕ್ಷೆಯಂತೆ, ದಿನಾ ಸೂಜಿ ಚುಚ್ಚಿಕೊಳ್ಳುವಂಥದ್ದಲ್ಲ.

ಅರ್ಧವಿರಾಮ

ಹನ್ನೆರಡು ದಿನ ಬರೆದೆ. ಒಟ್ಟು 27 ಕವಲು. ನಾಚಿಕೆಯಾಗುವಂಥದ್ದೂ ಇದೆ, ಆದರೂ ಹಾಕುತ್ತೇನೆ.

ಒಂಬತ್ತು ಸಂಜೆಯವು. ಮನೆಗೆ ಹೊರಡುವ ಹೊತ್ತಿಗೆ ಅಥವಾ ಮನೆಯಲ್ಲಿದ್ದಾಗ ಮೇಲಿನವರ ಕರೆ, ಸಂದೇಶ. ಒಂಬತ್ತರಲ್ಲಿ ಎಂಟು ಬಾರಿ ಕೆಲಸದ ಕಡೆ ತಿರುಗಿದೆ. ಗುರುವಾರದ ಟಿಪ್ಪಣಿಯನ್ನು ಹಾಗೆಯೇ ಕೊಡುತ್ತೇನೆ: "6.10. ಒಂದು ನಿಮಿಷ ಮಾತಾಡೋಣವೇ ಎಂದರು. ಹೂಂ ಎಂದೆ. 50 ನಿಮಿಷವಾಯಿತು. ಮಗಳು ಪದ್ಯ ಕಂಠಪಾಠ ಒಪ್ಪಿಸಬೇಕಿತ್ತು, ನಾನು ಹೋಗುವಷ್ಟರಲ್ಲಿ ಗೋಡೆಗೆ ಒಪ್ಪಿಸಿ ಮುಗಿಸಿದ್ದಳು. ನನಗೆ ಹೇಳಿಕೊಂಡದ್ದು: ಇವತ್ತೊಂದು ದಿನ."

"ಇವತ್ತೊಂದು ದಿನ" ಎಂಬ ಮಾತು ಎಂಟರಲ್ಲಿ ಆರು ಟಿಪ್ಪಣಿಗಳಲ್ಲಿದೆ.

ಐದು ಕವಲು ಕೆಲಸದ ಪ್ರಗತಿ ಹೇಳುವ ಸಂದರ್ಭದ್ದು. ಶೇಕಡಾ 60 ಮುಗಿದಿದೆ ಎಂದು ಗೊತ್ತಿದ್ದೂ 90 ಎಂದು ಬರೆದೆ. ಐದರಲ್ಲಿ ಐದೂ ಬಾರಿ ಉಬ್ಬಿಸಿದ್ದೇನೆ. ಆರು ನಡಿಗೆ ಮತ್ತು ಮೊಬೈಲ್ ನಡುವಿನವು, ಅವುಗಳ ಬಗ್ಗೆ ಹೇಳಲು ಏನೂ ಇಲ್ಲ, ಮೊಬೈಲ್ ಗೆದ್ದಿತು. ಉಳಿದ ಏಳು ನನ್ನ ತಂಡದವರೊಂದಿಗಿನವು. ಅಲ್ಲಿ ಅಚ್ಚರಿಯಾಯಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ತಪ್ಪನ್ನು ನನ್ನ ಮೇಲೆ ಹಾಕಿಕೊಂಡು, ಕುಳಿತು ಸರಿಪಡಿಸಿಕೊಟ್ಟೆ. ಏಳರಲ್ಲಿ ಆರು ಇಂಥವೇ. ಗಂಟೆಯ ಲೆಕ್ಕದಲ್ಲಿ ಇವೆಲ್ಲ "ಕೆಲಸ" ಎಂಬ ಒಂದೇ ಡಬ್ಬಿಯಲ್ಲಿ ಬಿದ್ದಿದ್ದವು.

ಹೆಂಡತಿಯನ್ನೂ ಕೇಳಿದೆ. ಬರೆದುಕೊಟ್ಟ ಮೂರು: "ಮೇಲಿನವರಿಂದ ಒಳ್ಳೆಯವನೆನಿಸಿಕೊಳ್ಳುವುದು, ಕೆಳಗಿನವರನ್ನು ಕಾಯುವುದು, ಮಗಳು." ಮೊದಲನೆಯದು ನನ್ನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಕೈಗಡಿಯಾರ

ನಾನು ಹೇಳಿದ್ದೂ ಅದನ್ನೇ. ಒಳ್ಳೆಯವನೆನಿಸಿಕೊಳ್ಳುವುದೇ ನಿಮ್ಮ ನಿಜವಾದ ಮೌಲ್ಯ. ಅದನ್ನೇ ವಾಕ್ಯ ಮಾಡಿಕೊಳ್ಳಿ.

ಹಿತ್ತಲ ಬಾಗಿಲು

ಇರಿ, ಒಂದು ಮೆಟ್ಟಿಲು ಬಿಟ್ಟಿರಿ. ಮಾಡಿದ್ದೆಲ್ಲ ಮೌಲ್ಯದಿಂದಲೇ ಮಾಡಿದ್ದಲ್ಲ. ಅವಸರದಿಂದ ಮಾಡುವುದಿದೆ, ಭಯದಿಂದ ಮಾಡುವುದಿದೆ.

ಅವಸರದ ಬಗ್ಗೆ ಒಂದು ಪ್ರಯೋಗ ಇದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ್ದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಮಂದಿಯನ್ನು ಪಕ್ಕದ ಕಟ್ಟಡದಲ್ಲಿ ಚಿಕ್ಕ ಭಾಷಣ ಮಾಡಲು ಕಳಿಸಿದರು. ಅರ್ಧ ಜನರ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ದಯಾಳುವಿನ ಬೈಬಲ್ ಕಥೆ. ದಾರಿಯಲ್ಲಿ ಒಬ್ಬ ಕುಸಿದು ಕುಳಿತು ಕೆಮ್ಮುತ್ತಿದ್ದ, ಅವನನ್ನು ಅಲ್ಲಿಟ್ಟದ್ದು ಪ್ರಯೋಗ ಮಾಡಿದವರೇ. ಅವಸರವಿಲ್ಲ ಎಂದು ಹೇಳಿ ಕಳಿಸಿದವರಲ್ಲಿ ಶೇಕಡಾ 63 ಮಂದಿ ನೆರವಿಗೆ ನಿಂತರು. ತಡವಾಯಿತು, ಓಡಿ ಎಂದು ಕಳಿಸಿದವರಲ್ಲಿ ಶೇಕಡಾ 10. ಅವರಿಗೆಲ್ಲ ಕರುಣೆಯ ಮೌಲ್ಯ ಇರಲಿಲ್ಲವೇ? ಕೈಗಡಿಯಾರ ಎಂದು ಹೆಸರಿಟ್ಟುಕೊಂಡ ನಿಮಗೆ ಈ ಪ್ರಯೋಗ ಹಿಡಿಸಬೇಕು.

ಅರ್ಧವಿರಾಮ ಅವರೇ, ನಿಮ್ಮ ಎಂಟು ಸಂಜೆಗಳನ್ನೂ ಐದು ವರದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟರಲ್ಲಿ ಯೋಚಿಸಲು ಸಮಯವಿತ್ತು?

ಅರ್ಧವಿರಾಮ

ನೋಡಿದೆ. ಎಂಟು ಸಂಜೆಗಳಲ್ಲಿ ಏಳು, "ಈಗಲೇ" ಎಂದು ಬಂದವು, ಉತ್ತರಿಸಲು ಐದು ಸೆಕೆಂಡೂ ಇರಲಿಲ್ಲ. ವರದಿಗಳ ವಿಷಯ ಹಾಗಲ್ಲ. ಐದಕ್ಕೂ ಇಡೀ ದಿನ ಸಮಯವಿತ್ತು. ಎರಡರಲ್ಲಂತೂ ಮೊದಲು 65 ಎಂದು ಬರೆದು, ಅಳಿಸಿ, 90 ಮಾಡಿದ್ದೇನೆ. ಕಳಿಸಿದ ಮೇಲೆ ಖುಷಿಯಾಗಲಿಲ್ಲ. ಉಸಿರು ಬಿಟ್ಟಂತಾಯಿತು, ಅಷ್ಟೇ.

ಹಿತ್ತಲ ಬಾಗಿಲು

ಆ ಉಸಿರು ಬಿಟ್ಟದ್ದನ್ನು ಗಮನಿಸಿದ್ದು ಒಳ್ಳೆಯದಾಯಿತು. ಮೌಲ್ಯದ ಕಡೆ ತಿರುಗಿದಾಗ, ಕಷ್ಟವಾದರೂ, ಮಾಡಿದ್ದು ನನ್ನದು ಎಂಬ ಭಾವ ಉಳಿಯುತ್ತದೆ. ಭಯದಿಂದ ತಿರುಗಿದಾಗ ಉಳಿಯುವುದು ಬಚಾವಾದೆ ಎಂಬುದು. ಇದು ಎಲ್ಲ ಸಲವೂ ಹಿಡಿಯುವ ಸೂತ್ರವಲ್ಲ, ನಿಜ ಹೇಳಿದ ಮೇಲೂ ಬಚಾವಾದೆ ಎನಿಸಬಹುದು. ಆದರೆ ಐದಕ್ಕೆ ಐದೂ ಹಾಗಿದ್ದರೆ ನನಗೆ ಅನುಮಾನವಿಲ್ಲ.

ಹಾಗಾದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸಂಜೆಗಳದ್ದು ಸಂದರ್ಭದ ತೊಂದರೆ, ಅಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಪ್ರಯೋಜನವಿಲ್ಲ. ಆ ಐದು ಸೆಕೆಂಡಿನಲ್ಲಿ ನೀವು ಯೋಚಿಸುವುದೇ ಇಲ್ಲವಲ್ಲ! ಮೊದಲೇ ತೀರ್ಮಾನ ಮಾಡಿಟ್ಟಿರಬೇಕು: ಆರರ ನಂತರ ಒಂದು ನಿಮಿಷ ಎಂದು ಕೇಳಿದರೆ, ನಾಳೆ ಒಂಬತ್ತಕ್ಕೆ ನಾನೇ ಕರೆ ಮಾಡುತ್ತೇನೆ ಎನ್ನುತ್ತೇನೆ. "ಹೀಗಾದರೆ ಹೀಗೆ" ಎಂದು ಮೊದಲೇ ಕಟ್ಟಿಟ್ಟ ತೀರ್ಮಾನ, ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಎಂದು ಪೀಟರ್ ಗೋಲ್ವಿಟ್ಜರ್ ಎಂಬುವರ ಅಧ್ಯಯನಗಳು ತೋರಿಸಿವೆ.

ವರದಿಗಳದ್ದು ಮಾತ್ರ ನಿಜವಾದ ಬಿರುಕು. ಅಲ್ಲಿಗೇ ವಾಕ್ಯ ಬೇಕಾದದ್ದು. ಆದರೆ "ಸುಳ್ಳು ವರದಿ ಕೊಡುವುದಿಲ್ಲ" ಎಂದು ಬರೆಯಬೇಡಿ. ಓಗ್ಡನ್ ಲಿಂಡ್‌ಸ್ಲಿ ಎಂಬುವರ ಹಳೆಯ ಪರೀಕ್ಷೆಯೊಂದಿದೆ: ಸತ್ತವನೂ ಮಾಡಬಲ್ಲದ್ದಾದರೆ ಅದು ನಡವಳಿಕೆಯಲ್ಲ. ಸತ್ತವನು ನಿಮಗಿಂತ ಚೆನ್ನಾಗಿ ಸುಳ್ಳು ಹೇಳದೆ ಇರುತ್ತಾನೆ. ಬದುಕಿದ್ದವನು ಮಾತ್ರ ಮಾಡಬಲ್ಲದ್ದನ್ನು ಬರೆಯಿರಿ.

ಮಧ್ಯಾಹ್ನದ ನಿದ್ದೆ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಮ್ಮ ಅತ್ತೆಯವರು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ನಾನು ಕೆಲಸ ಬಿಟ್ಟು ನೋಡಿಕೊಳ್ಳುತ್ತಿದ್ದೇನೆ. ನಾಲ್ಕು ದಿನ ಕವಲು ಹುಡುಕಿದೆ, ಒಂದೂ ಸಿಗಲಿಲ್ಲ. ಮಗ್ಗುಲು ಬದಲಾಯಿಸುವ ಹೊತ್ತಿಗೆ ಬದಲಾಯಿಸಲೇಬೇಕು, ಮಾತ್ರೆಯ ಹೊತ್ತಿಗೆ ಮಾತ್ರೆ. ಎಲ್ಲರೂ ನನ್ನನ್ನು ಕರುಣಾಮಯಿ ಎನ್ನುತ್ತಾರೆ. ಅದು ನನ್ನ ಮೌಲ್ಯವೋ, ಬೇರೆ ಯಾರೂ ಇಲ್ಲದ್ದಕ್ಕೆ ನನ್ನ ಪಾಲಿಗೆ ಬಂದದ್ದೋ, ನನಗೇ ಗೊತ್ತಿಲ್ಲ. ಧ್ಯೇಯವಾಕ್ಯ ಬರೆಯಲು ಕುಳಿತರೆ ಪೆನ್ನು ಓಡುವುದಿಲ್ಲ.

ಹಿತ್ತಲ ಬಾಗಿಲು

ನಿಮ್ಮದು ನಿಜಕ್ಕೂ ಕಷ್ಟದ ಪ್ರಶ್ನೆ. ನೋಡಿಕೊಳ್ಳಬೇಕೇ ಬೇಡವೇ ಎಂಬಲ್ಲಿ ಕವಲು ಇಲ್ಲದಿರಬಹುದು. ಹೇಗೆ ನೋಡಿಕೊಳ್ಳುತ್ತೀರಿ ಎಂಬಲ್ಲಿ ಇದ್ದೀತು. ಮಾತನಾಡಿಸುತ್ತಾ ಮಾಡುವುದೋ, ಮೌನವಾಗಿಯೋ, ಅಂಥ ಸಣ್ಣ ಕಡೆ ನೋಡಿ.

ಮಧ್ಯಾಹ್ನದ ನಿದ್ದೆ

ಮೇಡಂ, ಬೇಸರ ಮಾಡಿಕೊಳ್ಳಬೇಡಿ. ಹೇಗೆ ಮಾಡುತ್ತೀರಿ ಎಂಬುದರಲ್ಲಿ ಮೌಲ್ಯ ಹುಡುಕಿ ಎನ್ನುವುದು, ಸರಪಳಿಗೆ ಯಾವ ಬಣ್ಣ ಬಳಿಯುತ್ತೀರಿ ಎಂದು ಕೇಳಿದಂತೆ ನನಗೆ ಕೇಳಿಸಿತು.

ಹಿತ್ತಲ ಬಾಗಿಲು

ಬೇಸರವಿಲ್ಲ. ಇದಕ್ಕೆ ನನ್ನ ಬಳಿ ಉತ್ತರವೂ ಇಲ್ಲ. ಆಯ್ಕೆಯೇ ಇಲ್ಲದ ಕಡೆ ಈ ಪರೀಕ್ಷೆ ನಡೆಯುವುದಿಲ್ಲ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ನಿಮಗೆ ಈಗ ವಾಕ್ಯಕ್ಕಿಂತ ಮೊದಲು ಬೇಕಾದದ್ದು ವಾರಕ್ಕೆ ಅರ್ಧ ದಿನ ನಿಮ್ಮ ಜಾಗದಲ್ಲಿ ನಿಲ್ಲುವ ಇನ್ನೊಬ್ಬರು.

ಬದನೆಕಾಯಿ ಶಾಸ್ತ್ರಿ

ಮಧ್ಯಾಹ್ನದ ನಿದ್ದೆಯವರೇ, ಆ ಅರ್ಧ ದಿನವನ್ನು ನಿಮ್ಮ ಮನೆಯವರ ಮುಂದೆ ಕೇಳಿ ನೋಡಿ. ಅವರು ಏನನ್ನುತ್ತಾರೆ ಎಂಬುದರಲ್ಲಿ ಅವರ ಮೌಲ್ಯಗಳಂತೂ ಗೊತ್ತಾಗುತ್ತವೆ.

ಅರ್ಧವಿರಾಮ

ಒಂದು ತಿಂಗಳಾಯಿತು. ಹೊಸ ವಾಕ್ಯ ಇದು, ಏಳು ಸಲ ತಿದ್ದಿದ ಮೇಲೆ:

"ನನಗೆ ಗೊತ್ತಿರುವ ಸ್ಥಿತಿಯನ್ನು, ಮೇಲಿನವರಿಗೆ ಹಿಡಿಸದಿದ್ದರೂ, ಕೇಳುವ ಮೊದಲೇ ಹೇಳುತ್ತೇನೆ. ನನ್ನ ಕೈಕೆಳಗಿನವರ ಬೆನ್ನಿಗೆ ನಿಲ್ಲುತ್ತೇನೆ. ಮಗಳು ದಾರಿ ಕಾಯುವ ವಯಸ್ಸಿನಲ್ಲಿರುವವರೆಗೆ, ಅವಳ ಸಂಜೆಗಾಗಿ ಬಡ್ತಿ ತಡವಾದರೆ ಆಗಲಿ."

ಕಲಿಕೆ, ಆರೋಗ್ಯ ಬಿದ್ದುಹೋದವು. ಅವು ಮುಖ್ಯವಲ್ಲ ಎಂದಲ್ಲ, ಅವುಗಳಿಗಾಗಿ ನಾನು ಏನನ್ನಾದರೂ ಬಿಟ್ಟುಕೊಟ್ಟ ಒಂದು ಉದಾಹರಣೆಯೂ ನೆನಪಾಗಲಿಲ್ಲ.

ಕಳೆದ ಎರಡು ವಾರಗಳಲ್ಲಿ ಕೆಲಸದ ದಿನದ ಹತ್ತು ಸಂಜೆಗಳಿದ್ದವು, ಏಳು ಉಳಿದವು. "ನಾಳೆ ಒಂಬತ್ತಕ್ಕೆ ನಾನೇ ಕರೆ ಮಾಡುತ್ತೇನೆ" ಎಂಬ ಮಾತಿಗೆ ಇಷ್ಟು ದಿನ ಹೆದರಿದ್ದೆ, ಯಾರೂ ಎದುರು ಮಾತನಾಡಲಿಲ್ಲ. ವರದಿಗಳು ಅಷ್ಟು ಸುಲಭವಾಗಲಿಲ್ಲ. ಈಗ ಮೊದಲು ಬಾಕಿ ಕೆಲಸಗಳನ್ನು ಎಣಿಸಿ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ವರದಿ ತೆರೆಯುತ್ತೇನೆ. ನಾಲ್ಕರಲ್ಲಿ ಮೂರು ಚೀಟಿಯಲ್ಲಿದ್ದಂತೆಯೇ ಹೋದವು. ಒಂದರಲ್ಲಿ 70 ಇದ್ದದ್ದು 80 ಆಯಿತು. ಮೂರನೆಯ ನಿಜದ ವರದಿಯ ನಂತರ ಮುಂದಿನ ಯೋಜನೆಯ ಹೊಣೆ ಬೇರೆಯವರಿಗೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು. ಎರಡು ರಾತ್ರಿ ನಿದ್ದೆ ಬರಲಿಲ್ಲ. ವಾಕ್ಯದ ಮೊದಲ ಸಾಲನ್ನು ಅಳಿಸಿಬಿಡೋಣ ಎಂದು ಆ ರಾತ್ರಿ ಅನಿಸಿದ್ದನ್ನೂ ಇಲ್ಲಿ ಬರೆದಿಡುತ್ತೇನೆ. ಅಳಿಸಿಲ್ಲ, ಸದ್ಯಕ್ಕೆ.

ಕೈಗಡಿಯಾರ

ಯಾರಿಗೂ ಹೇಳದೆ ನಾನೂ ಒಂದು ವಾರ ಬರೆದೆ. ಎರಡೇ ಕವಲು ಸಿಕ್ಕವು. ನನ್ನಲ್ಲಿ ಎಳೆತ ಕಡಿಮೆಯೋ, ಕಾಣುವ ಕಣ್ಣು ಕಡಿಮೆಯೋ ಎಂದು ಅನುಮಾನ ಬಂದು ಹೆಂಡತಿಯ ಕೈಗೆ ಕಾಗದ ಕೊಟ್ಟೆ. ಬರೆದ ಮೂರರಲ್ಲಿ ಎರಡನ್ನು ಒಪ್ಪುತ್ತೇನೆ: ಸಮಯಪಾಲನೆ, ಮಿತವ್ಯಯ. ಮೂರನೆಯದು "ಪ್ರತಿ ವಾದದಲ್ಲೂ ಗೆಲ್ಲುವುದು". ಅದು ತಪ್ಪು ಎಂದು ಮೂರು ದಿನದಿಂದ ಅವಳಿಗೆ ವಿವರಿಸುತ್ತಿದ್ದೇನೆ.